ಮಗು ಬಂದಿಲ್ಲವೋ, ಲೆಕ್ಕ ಬಂದಿಲ್ಲವೋ? ಹಾಜರಾತಿ ಡ್ಯಾಶ್‌ಬೋರ್ಡ್ ತಪ್ಪು ತೋರಿಸಿದಾಗ

2025ರ ಜೂನ್ 14, ಶನಿವಾರ, ಬೆಳಗಿನ ಶಾಲೆ. ಪ್ರೇಯರ್ ಮುಗಿದು ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದರು, ಅಷ್ಟರಲ್ಲಿ ಪ್ರಾಂಶುಪಾಲರು ಕರೀತಿದ್ದಾರೆ ಅಂತ ಜವಾನ ಬಂದು ಹೇಳಿದ. ಹೋದೆ. ಮೇಡಂ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು, ಪಕ್ಕದಲ್ಲೇ ಬಿಸಿಯೂಟದ ಪುಸ್ತಕ ಬಿಚ್ಚಿಟ್ಟಿತ್ತು.

"ನೋಡಿ ಸರ್. ನಿನ್ನೆ ಶೇಕಡಾ 79.8 ಅಂತ ಇದೆ ಇಲ್ಲಿ. ಬಂದೋರು 249. ಅಡುಗೆಯವರ ಪುಸ್ತಕದಲ್ಲಿ ಉಂಡೋರು 284. ಬಂದೋರಿಗಿಂತ ಉಂಡೋರೇ ಜಾಸ್ತಿ. ನಾನು ಯಾವುದನ್ನ ನಂಬ್ಲಿ?"

ಈ ಡ್ಯಾಶ್‌ಬೋರ್ಡ್ ಕಟ್ಟಿದವನು ನಾನೇ. ನಾನು ಗಣಿತದ ಮೇಷ್ಟ್ರು. ಕಂಪ್ಯೂಟರ್ ಸ್ವಲ್ಪ ಬರುತ್ತೆ ಅನ್ನುವ ಕಾರಣಕ್ಕೆ ಈ ಕೆಲಸ ನನ್ನ ಹೆಗಲಿಗೆ ಬಿದ್ದಿತ್ತು. ತಪ್ಪು ಎಲ್ಲಿದೆ ಅಂತ ಹುಡುಕಲು ಆ ಶನಿವಾರ ಇಡೀ ಹೋಯಿತು. ಆವತ್ತು ಹುಡುಕಿದ ಕ್ರಮವನ್ನೂ ಸಿಕ್ಕಿದ ದೋಷವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಗೂಗಲ್ ಶೀಟ್ಸ್‌ನಲ್ಲಿ ಇಂಥದ್ದೇ ಒಂದನ್ನು ನಡೆಸುತ್ತಿರುವವರು ಬಹಳ ಜನ ಇದ್ದಾರೆ, ಅವರಿಗೆ ಒಂದು ದಿನ ಉಳಿಯಬಹುದು.

ಲೆಕ್ಕ ಹರಿಯುವ ದಾರಿ

ನಮ್ಮಲ್ಲಿ 8ರಿಂದ 10ನೇ ತರಗತಿವರೆಗೆ ಏಳು ಸೆಕ್ಷನ್, ಒಟ್ಟು 312 ಮಕ್ಕಳು. ಬೆಳಿಗ್ಗೆ ತರಗತಿ ಶಿಕ್ಷಕರು ಕಾಗದದ ಹಾಜರಿ ಪುಸ್ತಕದಲ್ಲಿ ಹಾಜರಿ ಹಾಕುತ್ತಾರೆ. ಅದು ಮೊದಲಿಂದ ಇದ್ದದ್ದು, ಅದನ್ನು ಯಾರೂ ಮುಟ್ಟಿಲ್ಲ. ಸಂಜೆ ಬೆಲ್ ಹೊಡೆದ ಮೇಲೆ ತಮ್ಮ ತರಗತಿಯ ಶೀಟ್ ಫೈಲ್ ತೆಗೆದು ಒಂದು ಸಾಲು ತುಂಬುತ್ತಾರೆ: ತಾರೀಖು, ದಾಖಲಾತಿ, ಹಾಜರಾದವರು, ಗೈರಾದವರ ರೋಲ್ ನಂಬರ್. ರಾತ್ರಿ 8ರಿಂದ 9ರೊಳಗೆ ಒಂದು ಆಪ್ಸ್ ಸ್ಕ್ರಿಪ್ಟ್ ತಾನೇ ಎದ್ದು, ಏಳೂ ಫೈಲ್ ತೆರೆದು, ಆ ದಿನದ ತಾರೀಖಿನ ಸಾಲು ಹುಡುಕಿ, ಮುಖ್ಯ ಫೈಲಿನ `Log` ಎಂಬ ಹಾಳೆಗೆ ತಂದು ಹಾಕುತ್ತದೆ. ಬೆಳಿಗ್ಗೆ ಮೇಡಂ ನೋಡುವ ಪುಟ ಆ `Log` ಹಾಳೆಯನ್ನು ಕೂಡಿ ಭಾಗಿಸಿ ತೋರಿಸುತ್ತದೆ.

ಮೊದಲು ಬೇರೆ ಫೈಲಿನ ಸಾಲುಗಳನ್ನು ಎಳೆದು ತರುವ `IMPORTRANGE` ಸೂತ್ರ ಬಳಸುತ್ತಿದ್ದೆ, ಬಿಟ್ಟೆ. ಫೈಲ್ ತೆರೆದಿದ್ದಾಗ ಮಾತ್ರ ಅದು ಆಗಾಗ ಹೊಸದನ್ನು ತಂದುಕೊಳ್ಳುತ್ತದೆ, ಅದೂ ಗಂಟೆಗೊಮ್ಮೆ. ರಾತ್ರಿ ಯಾರೂ ಫೈಲ್ ತೆರೆದಿರುವುದಿಲ್ಲ. ಸ್ಕ್ರಿಪ್ಟೇ ನೇರವಾಗಿ `openById` ಮೂಲಕ ಪ್ರತಿ ಫೈಲಿಗೆ ಹೋಗುವುದು ಒಳ್ಳೆಯದು.

ಹಾಗಾಗಿ ಒಂದು ಸಂಖ್ಯೆ ನಾಲ್ಕು ನಿಲ್ದಾಣ ದಾಟಿ ಮೇಡಂ ಮೇಜಿಗೆ ಬರುತ್ತದೆ: ಪುಸ್ತಕ, ತರಗತಿಯ ಫೈಲ್, `Log`, ಡ್ಯಾಶ್‌ಬೋರ್ಡ್. ದೋಷ ಹುಡುಕುವಾಗ ನಾನು ಮೊದಲು ಮಾಡಿದ ತಪ್ಪು ಏನೆಂದರೆ, ಕೊನೆಯ ನಿಲ್ದಾಣದಲ್ಲೇ ಕೂತು ಸೂತ್ರಗಳನ್ನು ಕೆದಕಿದ್ದು. ಒಂದು ಗಂಟೆ ಅಲ್ಲೇ ಹೋಯಿತು. ಸೂತ್ರ ಸರಿಯಾಗೇ ಇತ್ತು. ಕೂಡಿಸಲು ಸಾಲೇ ಇಲ್ಲದಿದ್ದರೆ ಸೂತ್ರವಾದರೂ ಏನು ಮಾಡೀತು?

ಒಂದು ತರಗತಿ, ಒಂದು ದಿನ

ಈಗ ಏನೇ ದೂರು ಬಂದರೂ ಮೊದಲು ಮಾಡುವುದು ಇದನ್ನೇ: ಒಂದು ತರಗತಿ ಹಿಡಿ, ಒಂದು ದಿನ ಹಿಡಿ, ಆ ಒಂದೇ ಸಂಖ್ಯೆಯ ಕೈ ಹಿಡಿದು ಪುಸ್ತಕದಿಂದ ಡ್ಯಾಶ್‌ಬೋರ್ಡ್‌ವರೆಗೆ ನಡೆದುಕೊಂಡು ಹೋಗು. ಎಲ್ಲಿ ಕೈ ಬಿಟ್ಟು ಹೋಗುತ್ತದೋ ದೋಷ ಅದರ ಹಿಂದಿನ ಹೆಜ್ಜೆಯಲ್ಲಿದೆ.

ಯಾವ ತರಗತಿ ಹಿಡಿಯಬೇಕು ಅನ್ನುವುದನ್ನು `Log` ಹಾಳೆಯೇ ಹೇಳಿತು. ಜೂನ್ 13ರ ಸಾಲುಗಳನ್ನು ಸೋಸಿ ನೋಡಿದರೆ ಏಳು ಇರಬೇಕಾದ ಕಡೆ ಆರು. 8ಸಿ ಇರಲಿಲ್ಲ. 8ಸಿ ದಾಖಲಾತಿ 44. ಉಳಿದ ಆರು ಸೆಕ್ಷನ್‌ಗಳ ದಾಖಲಾತಿ 268, ಅದರಲ್ಲಿ ಹಾಜರಾದವರು 249. ಡ್ಯಾಶ್‌ಬೋರ್ಡ್ ಈ 249ನ್ನು 268ರಿಂದ ಭಾಗಿಸಿದ್ದರೆ ಶೇ. 92.9 ಬರುತ್ತಿತ್ತು. ನಾನು ಹಿಂದೆ ಛೇದದಲ್ಲಿ 312 ಎಂದು ಕೈಯಾರೆ ಬರೆದಿಟ್ಟಿದ್ದೆ. 249ನ್ನು 312ರಿಂದ ಭಾಗಿಸಿದರೆ 79.8. ಲೆಕ್ಕ ಬಾರದ 44 ಮಕ್ಕಳನ್ನು ಡ್ಯಾಶ್‌ಬೋರ್ಡ್ ಶಾಲೆಗೇ ಬಾರದ ಮಕ್ಕಳು ಅಂತ ತಿಳಿದಿತ್ತು.

ಒಂದು ದೋಷ ಸಿಕ್ಕಿತು, ಆದರೆ ಅದು ಎರಡನೆಯ ದೋಷ. ಮೊದಲನೆಯದು 8ಸಿ ಯಾಕೆ ಬರಲಿಲ್ಲ ಅನ್ನುವುದು.

8ಸಿ ಪುಸ್ತಕ ತರಿಸಿದೆ. 13ನೇ ತಾರೀಖು ಹಾಜರಿ 41. ತರಗತಿಯ ಫೈಲ್ ತೆರೆದೆ. ಅಲ್ಲೂ 13/06/2025 ಅಂತ ಒಂದು ಸಾಲು, ಮುಂದೆ 44, 41. ಎರಡು ನಿಲ್ದಾಣ ಸರಿ. ಮೂರನೆಯದಾದ `Log`ನಲ್ಲಿ ಇಲ್ಲ. ಅಂದರೆ ಫೈಲಿನಿಂದ `Log`ಗೆ ಬರುವ ಹಾದಿಯಲ್ಲಿ ಸಾಲು ಕಳೆದುಹೋಗಿದೆ. ಆದರೆ ಅದೇ ಸ್ಕ್ರಿಪ್ಟು ಉಳಿದ ಆರು ಫೈಲ್‌ಗಳಿಂದ ಚೆನ್ನಾಗೇ ತರುತ್ತಿದೆ. ಸ್ಕ್ರಿಪ್ಟಿನ `Executions` ಪುಟದಲ್ಲೂ ದಿನಾ ರಾತ್ರಿ `Completed` ಅಂತಲೇ ಇತ್ತು. ಆ ಪದಕ್ಕೆ ಮರುಳಾಗಬಾರದು. ಸ್ಕ್ರಿಪ್ಟ್ ಎಡವಿ ಬೀಳದೆ ಕೊನೆ ಮುಟ್ಟಿತು ಅಂತ ಮಾತ್ರ ಅದರ ಅರ್ಥ. ಹುಡುಕಿದ ಸಾಲು ಸಿಕ್ಕಿತೋ ಇಲ್ಲವೋ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಹಿಂದಿನ ದಿನಗಳನ್ನೂ ನೋಡೋಣ ಅಂತ ಜೂನ್ 2ರಿಂದ 8ಸಿ ಸಾಲುಗಳನ್ನು `Log`ನಲ್ಲಿ ಹುಡುಕಿದೆ. 2, 3, 4, 5 ಇಲ್ಲ. 6ನೇ ತಾರೀಖು ಇದೆ! 7 ಬಕ್ರೀದ್ ರಜೆ, 8 ಭಾನುವಾರ. 9ರಿಂದ 13ರವರೆಗೆ ಮತ್ತೆ ಇಲ್ಲ. ಎರಡು ವಾರದಲ್ಲಿ ಒಂದೇ ಒಂದು ಶುಕ್ರವಾರ ಮಾತ್ರ ಸರಿಯಾಗಿ ಬಂದಿದೆ. ಮೊದಲ ವಾರ ಹೊಸ ದಾಖಲಾತಿ ನಡೆಯುತ್ತಿದ್ದದ್ದರಿಂದ ಶೇಕಡಾವಾರು ಕಡಿಮೆ ಇದ್ದರೂ ಯಾರಿಗೂ ಅನುಮಾನ ಬಂದಿರಲಿಲ್ಲ.

ಇಲ್ಲಿ ನಾನೊಂದು ಅವಸರದ ಕೆಲಸ ಮಾಡಿದೆ. 8ಸಿ ಟೀಚರ್ ಹೊಸಬರು. ದಿನಾ ಸಂಜೆ ತುಂಬದೆ ಶುಕ್ರವಾರ ಮಾತ್ರ ತುಂಬಿ, ಉಳಿದದ್ದನ್ನು ಆಮೇಲೆ ಒಟ್ಟಿಗೆ ಹಾಕಿರಬೇಕು ಅಂದುಕೊಂಡು ಹೋಗಿ ಕೇಳಿಬಿಟ್ಟೆ. ಅವರ ಮುಖ ಸಪ್ಪಗಾಯಿತು. "ಒಂದು ದಿನಾನೂ ತಪ್ಪಿಸಿಲ್ಲ ಸರ್. ಮೊನ್ನೆ ಬಸ್ಸು ತಪ್ಪಿದ್ರೂ ತುಂಬಿಯೇ ಹೋದೆ. ಬೇಕಿದ್ರೆ ನೋಡಿ." ಫೈಲಿನ `Version history` ತೆಗೆದು ನೋಡಿದರೆ ಅವರು ಹೇಳಿದ್ದೇ ನಿಜ. ಪ್ರತಿ ಸಂಜೆ ನಾಲ್ಕೂವರೆ ಆಸುಪಾಸಿನಲ್ಲಿ ಒಂದೊಂದು ಸಾಲು. ಕ್ಷಮೆ ಕೇಳಿದೆ. ಅವರನ್ನು ಕೇಳುವ ಮೊದಲೇ ಆ ಪುಟ ನೋಡಬೇಕಿತ್ತು.

6/6 ಹೇಳಿದ ಗುಟ್ಟು

ಆ ಒಂದು ಶುಕ್ರವಾರದಲ್ಲಿ ಏನು ವಿಶೇಷ? ಟೀ ಕುಡಿಯುತ್ತ ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡಾಗ ಹೊಳೆಯಿತು. 02/06, 03/06, 04/06, 05/06, 06/06. ಕೊನೆಯದನ್ನು ಹಿಂದುಮುಂದು ಮಾಡಿದರೂ ಅದೇ. ಉಳಿದವನ್ನು ಮಾಡಿದರೆ ತಿಂಗಳೇ ಬದಲಾಗುತ್ತದೆ.

8ಸಿ ಈ ವರ್ಷ ಹೊಸದಾಗಿ ಆದ ಸೆಕ್ಷನ್. ಉಳಿದ ಆರು ಫೈಲ್‌ಗಳು ನಾನು ಮಾಡಿದ ಒಂದು ಮಾದರಿಯ ಪ್ರತಿಗಳು. 8ಸಿ ಫೈಲನ್ನು ಮಾತ್ರ ಟೀಚರ್ ತಾವೇ ಹೊಸ ಖಾಲಿ ಫೈಲ್ ತೆರೆದು ತಲೆಬರಹಗಳನ್ನು ನೋಡಿ ಬರೆದುಕೊಂಡು ಮಾಡಿದ್ದರು. `File > Settings` ತೆರೆದು ನೋಡಿದೆ. `Locale` ಎದುರು `United States` ಅಂತ ಇತ್ತು.

ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ದಿನ ಆಮೇಲೆ. ಆ ಸೆಟ್ಟಿಂಗ್ ಇರುವ ಫೈಲಿನಲ್ಲಿ 02/06/2025 ಅಂತ ಒತ್ತಿದರೆ ಶೀಟ್ ಅದನ್ನು ಫೆಬ್ರವರಿ 6 ಅಂತ ಒಳಗೆ ಇಟ್ಟುಕೊಳ್ಳುತ್ತದೆ. ಹೊರಗೆ ಕಾಣಿಸುವುದು ಒತ್ತಿದ ಹಾಗೇ 02/06/2025. ನಾವು ನೋಡುವುದು ಜೂನ್ 2, ಅದು ಇಟ್ಟುಕೊಂಡಿರುವುದು ಫೆಬ್ರವರಿ 6. ಇಬ್ಬರೂ ಅದೇ ಅಕ್ಷರಗಳನ್ನು ನೋಡಿಕೊಂಡು ಬೇರೆ ಬೇರೆ ದಿನ ಓದುತ್ತಿದ್ದೇವೆ. 9ನೇ ತಾರೀಖು ಸೆಪ್ಟೆಂಬರ್ 6 ಆಯಿತು, 12ನೇ ತಾರೀಖು ಡಿಸೆಂಬರ್ 6 ಆಯಿತು. 13ಕ್ಕೆ ಬಂದಾಗ ಕಥೆ ಬದಲಾಯಿತು. ಹದಿಮೂರನೇ ತಿಂಗಳು ಅಂತ ಒಂದಿಲ್ಲವಲ್ಲ. ಹಾಗಾಗಿ 13/06/2025 ತಾರೀಖೇ ಆಗಲಿಲ್ಲ, ಬರೀ ಅಕ್ಷರಗಳಾಗಿ ಉಳಿಯಿತು. ಸ್ಕ್ರಿಪ್ಟ್ ಜೂನ್ 13ನ್ನು ಹುಡುಕಿಕೊಂಡು ಬಂದು, ಕಾಣದೆ, ಸದ್ದಿಲ್ಲದೆ ವಾಪಸ್ ಹೋಯಿತು.

ಇದನ್ನು ಖಚಿತಪಡಿಸಿಕೊಳ್ಳಲು ಖಾಲಿ ಕಾಲಂನಲ್ಲಿ ಎರಡು ಸೂತ್ರ ಹಾಕಿ ಕೆಳಗೆ ಎಳೆಯಿರಿ:

```
=ISNUMBER(A2)
=TEXT(A2,"d mmmm yyyy")
```

ಮೊದಲನೆಯದು `TRUE` ಅಂದರೆ ಶೀಟಿನ ಲೆಕ್ಕದಲ್ಲಿ ಅದು ತಾರೀಖು, `FALSE` ಅಂದರೆ ಬರೀ ಅಕ್ಷರ. ಎರಡನೆಯದು ತಿಂಗಳ ಹೆಸರನ್ನು ಪದದಲ್ಲಿ ಬರೆಯುತ್ತದೆ, ಆಗ ಮುಚ್ಚುಮರೆ ಇರುವುದಿಲ್ಲ. ನಮ್ಮ 8ಸಿ ಫೈಲಿನಲ್ಲಿ ಜೂನ್ ತಿಂಗಳ ಹಾಜರಿಯ ಪಕ್ಕ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಮೆರವಣಿಗೆ ಹೊರಟಿತ್ತು. ಇನ್ನೂ ಬೇಗ ಗೊತ್ತಾಗಬೇಕಾದರೆ `=MAX(A2:A)` ಹಾಕಿ, ಆ ಕೋಶವನ್ನು ತಾರೀಖಿನ ರೂಪಕ್ಕೆ ತನ್ನಿ. ಅದು ಇವತ್ತಿಗಿಂತ ಮುಂದಿನ ದಿನ ತೋರಿಸಿದರೆ ತಾರೀಖು ತಿರುಗಿಕೊಂಡಿದೆ ಅಂತಲೇ ಅರ್ಥ. ಡಿಸೆಂಬರ್ 6ರ ಹಾಜರಿಯನ್ನು ಜೂನ್‌ನಲ್ಲಿ ಹಾಕುವವರು ಯಾರೂ ಇಲ್ಲ. ಕಣ್ಣಿಗೆ ಸಿಗುವ ಇನ್ನೊಂದು ಗುರುತಿದೆ: ಯಾರೂ ಅಲೈನ್‌ಮೆಂಟ್ ಬದಲಿಸದಿದ್ದರೆ ತಾರೀಖು ಕೋಶದ ಬಲಕ್ಕೆ ಒರಗಿರುತ್ತದೆ, ಅಕ್ಷರ ಎಡಕ್ಕೆ. 12ರವರೆಗೆ ಬಲಕ್ಕಿದ್ದ ಸಾಲು 13ಕ್ಕೆ ಎಡಕ್ಕೆ ಹಾರಿತ್ತು. ದಿನಾ ನೋಡುತ್ತಿದ್ದ ಟೀಚರ್‌ಗೂ ಅದು ಕಂಡಿತ್ತಂತೆ. ಅಂದಕ್ಕೆ ಸರಿಮಾಡಬೇಕು ಅಂದುಕೊಂಡು ಸುಮ್ಮನಾಗಿದ್ದರು.

ರಿಪೇರಿ

`Locale` ಅನ್ನು `India` ಮಾಡಿದರೆ ಮುಗಿಯಿತು ಅಂತ ತಿಳಿಯಬೇಡಿ. ಇನ್ನು ಮುಂದೆ ಒತ್ತುವ ತಾರೀಖುಗಳು ಸರಿಯಾಗುತ್ತವೆ, ಅಷ್ಟೇ. ಈಗಾಗಲೇ ಫೆಬ್ರವರಿ 6 ಆಗಿ ಕೂತಿರುವುದು ಫೆಬ್ರವರಿ 6 ಆಗಿಯೇ ಇರುತ್ತದೆ, ಅಕ್ಷರವಾಗಿರುವುದು ಅಕ್ಷರವಾಗಿಯೇ ಇರುತ್ತದೆ. ಹಳೆಯದನ್ನು ಬೇರೆಯಾಗಿ ತಿದ್ದಬೇಕು. ಹತ್ತು ಸಾಲಾದರೆ ಕೈಯಲ್ಲೇ ಮತ್ತೆ ಒತ್ತುವುದು ಸುಲಭ. ತಿಂಗಳುಗಟ್ಟಲೆ ಕಳೆದ ಮೇಲೆ ಗೊತ್ತಾದರೆ ಮೊದಲು ಫೈಲಿನ ಒಂದು ಪ್ರತಿ ಮಾಡಿಟ್ಟುಕೊಂಡು, ಖಾಲಿ ಕಾಲಂನಲ್ಲಿ ಇದನ್ನು ಹಾಕಿ:

```
=IF(ISNUMBER(A2),
  DATE(YEAR(A2), DAY(A2), MONTH(A2)),
  DATE(RIGHT(TRIM(A2),4), MID(TRIM(A2),4,2), LEFT(TRIM(A2),2)))
```

ತಾರೀಖಾಗಿದ್ದರೆ ದಿನ, ತಿಂಗಳನ್ನು ಅದಲುಬದಲು ಮಾಡುತ್ತದೆ. ಅಕ್ಷರವಾಗಿದ್ದರೆ ಕತ್ತರಿಸಿ ತಾರೀಖು ಕಟ್ಟುತ್ತದೆ. ಎರಡನೆಯ ಭಾಗ ಕೆಲಸ ಮಾಡಬೇಕಾದರೆ 13/06/2025 ಹೀಗೆ ಎರಡೆರಡು ಅಂಕಿ, ಕೊನೆಗೆ ನಾಲ್ಕಂಕಿಯ ವರ್ಷ ಇರಬೇಕು. 13/6/25 ಅಂತ ಬರೆದವರ ಸಾಲನ್ನು ಕೈಯಲ್ಲೇ ತಿದ್ದಿ. ಬಂದ ಉತ್ತರವನ್ನು ಹಾಜರಿ ಪುಸ್ತಕದ ಎದುರಿಟ್ಟು ನೋಡಿ, ನಕಲಿಸಿ, ಹಳೆಯ ಕಾಲಂ ಮೇಲೆ `Ctrl+Shift+V` ಒತ್ತಿ ಮೌಲ್ಯಗಳನ್ನಷ್ಟೇ ಅಂಟಿಸಿ.

ಇಲ್ಲಿ ಒಂದು ಹೊಂಡ ಇದೆ. ಈ ಸೂತ್ರವನ್ನು ಒಂದೇ ಸಲ ಓಡಿಸಬೇಕು. ಸರಿಯಾದ ತಾರೀಖಿನ ಮೇಲೆ ಮತ್ತೊಮ್ಮೆ ಓಡಿಸಿದರೆ ಜೂನ್ 2 ಹೋಗಿ ಮತ್ತೆ ಫೆಬ್ರವರಿ 6 ಆಗುತ್ತದೆ. `Locale` ಬದಲಿಸಿದ ಮೇಲೆ ಸರಿಯಾಗಿ ಒತ್ತಿದ ಸಾಲುಗಳ ಮೇಲೂ ಎಳೆಯಬಾರದು. ನಾನು ಒಂದು ಸಾಲು ಹೆಚ್ಚು ಎಳೆದು, 6/6 ಅಲ್ಲದ ಇನ್ನೊಂದು ದಿನವನ್ನು ಕೆಡಿಸಿ ಮತ್ತೆ ಸರಿಮಾಡಿದೆ.

`Locale` ಪಕ್ಕದಲ್ಲೇ `Time zone` ಕೂಡ ಇದೆ, ಅದನ್ನೂ ಕೋಲ್ಕತ್ತಾ ಸಮಯಕ್ಕೆ ತಂದಿಡಿ. ಅಲ್ಲಿರುವಾಗಲೇ ಮಾಡಿದರೆ ಇನ್ನೊಂದು ತಲೆನೋವು ತಪ್ಪುತ್ತದೆ.

ಫೈಲ್ ಸರಿಯಾದ ಮೇಲೆ `Log`ಗೆ ಹಳೆಯ ದಿನಗಳನ್ನು ತರಬೇಕಿತ್ತು. ಮೊದಲಿನ ಸ್ಕ್ರಿಪ್ಟು ಆ ದಿನದ ಸಾಲನ್ನು ಮಾತ್ರ ಹುಡುಕಿ ಕೊನೆಗೆ ಸೇರಿಸುತ್ತಿತ್ತು. ಆ ರೀತಿಯಲ್ಲಿ ಎರಡು ತೊಂದರೆ. ಟೀಚರೊಬ್ಬರು ತರಬೇತಿಗೆ ಹೋಗಿ ಮರುದಿನ ತುಂಬಿದರೆ ಆ ಸಾಲು ಎಂದೆಂದಿಗೂ `Log` ಸೇರುವುದಿಲ್ಲ. ಇನ್ನೊಂದು ಕಡೆ, ಅನುಮಾನ ಬಂದು ಅದೇ ದಿನ ಎರಡು ಸಲ ಓಡಿಸಿದರೆ ಪ್ರತಿ ತರಗತಿಯೂ ಎರಡು ಸಲ ಸೇರುತ್ತದೆ. ಛೇದದಲ್ಲಿ ಕೈಯಾರೆ ಬರೆದ ಸಂಖ್ಯೆ ಇದ್ದರೆ ಹಾಜರಾತಿ ನೂರಕ್ಕೆ ನೂರ ಎಂಬತ್ತು ಅಂತ ಬರುವುದು ಹೀಗೇ. ಈಗ ಪ್ರತಿ ರಾತ್ರಿ ಹಿಂದಿನ ಏಳು ದಿನವನ್ನೂ ಓದುತ್ತದೆ. ತಾರೀಖು ಮತ್ತು ತರಗತಿ ಎರಡೂ ಹೊಂದುವ ಸಾಲು `Log`ನಲ್ಲಿ ಇದ್ದರೆ ಅದನ್ನೇ ತಿದ್ದುತ್ತದೆ, ಇಲ್ಲದಿದ್ದರೆ ಮಾತ್ರ ಹೊಸದು ಸೇರಿಸುತ್ತದೆ. ಆ ಶನಿವಾರ ಏಳರ ಬದಲು ಹದಿನೈದು ದಿನ ಅಂತ ಬದಲಿಸಿ ಒಮ್ಮೆ ಓಡಿಸಿದೆ. 13ರ ಲೆಕ್ಕ 312ರಲ್ಲಿ 290, ಶೇ. 92.9 ಆಯಿತು.

ಇಡೀ ಶಾಲೆಯೇ ಖಾಲಿ ಬಂದರೆ

ಒಂದು ತರಗತಿ ಮಾತ್ರ ಕಾಣೆಯಾದರೆ ಹೆಚ್ಚಾಗಿ ದೋಷ ಆ ತರಗತಿಯ ಫೈಲಿನಲ್ಲೇ ಇರುತ್ತದೆ. ಏಳಕ್ಕೆ ಏಳೂ ಕಾಣೆಯಾದರೆ ಫೈಲ್‌ಗಳನ್ನು ತೆರೆಯುವ ಮೊದಲು ಸ್ಕ್ರಿಪ್ಟ್ ಯಾವಾಗ ಓಡಿತು ಅಂತ ನೋಡಿ. ನಮಗೆ ಇದು, ಸ್ಕ್ರಿಪ್ಟ್ ಇನ್ನೂ ಆ ದಿನದ ಸಾಲನ್ನು ಮಾತ್ರ ಹುಡುಕುತ್ತಿದ್ದ ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಬಂತು. ನಾನು ಸ್ಕ್ರಿಪ್ಟನ್ನು ಒಂದು ಹೊಸ ಪ್ರಾಜೆಕ್ಟ್‌ಗೆ ಸಾಗಿಸಿದ್ದೆ. ಮರುದಿನ ಎಲ್ಲ ಖಾಲಿ. `Executions` ಪುಟದಲ್ಲಿ ಓಡಿದ ಸಮಯ ಬೆಳಗಿನ ಐದೂವರೆ ದಾಟಿತ್ತು. ನಾನು ಇಟ್ಟದ್ದು ರಾತ್ರಿ 8ರಿಂದ 9.

ಸ್ಕ್ರಿಪ್ಟ್‌ಗೆ ತನ್ನದೇ ಒಂದು ಸಮಯವಲಯ ಇದೆ, ಶೀಟ್ ಫೈಲಿನದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಸ್ಕ್ರಿಪ್ಟ್ ಎಡಿಟರ್‌ನ `Project Settings` ಒಳಗೆ `Time zone` ಅಂತ ಇರುತ್ತದೆ. ಹೊಸ ಪ್ರಾಜೆಕ್ಟ್‌ನಲ್ಲಿ ಅದು ನ್ಯೂಯಾರ್ಕ್ ಆಗಿತ್ತು. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಎಂಟು ಅಂದರೆ ಇಲ್ಲಿ ಮರುದಿನ ಬೆಳಗಿನ ಐದೂವರೆ. ಆ ಹೊತ್ತಿಗೆ ಸ್ಕ್ರಿಪ್ಟ್ ಎದ್ದು ಇಲ್ಲಿನ "ಇವತ್ತು" ಯಾವುದು ಅಂತ ನೋಡಿ, ಆ ದಿನದ ಸಾಲು ಹುಡುಕುತ್ತಿತ್ತು. ಮಕ್ಕಳು ಇನ್ನೂ ಹಾಸಿಗೆ ಬಿಟ್ಟಿಲ್ಲ, ಹಾಜರಿ ಎಲ್ಲಿಂದ ಬರಬೇಕು?

ಸಮಯವಲಯದ ಇನ್ನೊಂದು ಮುಖ ಇದಕ್ಕಿಂತ ಮೋಸದ್ದು. ಫೈಲ್ ಭಾರತದ ಸಮಯದಲ್ಲಿ, ಸ್ಕ್ರಿಪ್ಟ್ ನ್ಯೂಯಾರ್ಕ್ ಸಮಯದಲ್ಲಿ ಇದ್ದರೆ, ಫೈಲಿನಲ್ಲಿ ಜೂನ್ 2 ಅಂತ ಇರುವುದು ಇಲ್ಲಿನ ನಡುರಾತ್ರಿ 12 ಗಂಟೆ. ಆಗ ನ್ಯೂಯಾರ್ಕ್‌ನಲ್ಲಿ ಇನ್ನೂ ಜೂನ್ 1ರ ಮಧ್ಯಾಹ್ನ. ಸ್ಕ್ರಿಪ್ಟ್ ತನ್ನ ಸಮಯದಲ್ಲಿ ಆ ತಾರೀಖನ್ನು ಬರೆದುಕೊಂಡರೆ ಎಲ್ಲ ತರಗತಿಗಳೂ ಒಂದು ದಿನ ಹಿಂದಕ್ಕೆ ಜಾರುತ್ತವೆ, ಭಾನುವಾರಕ್ಕೆ ಹಾಜರಾತಿ ಬರುತ್ತದೆ. ಭಾನುವಾರ ಸಂಖ್ಯೆ ಕಂಡರೆ ಬೇರೇನೂ ಯೋಚಿಸದೆ ಸಮಯವಲಯ ನೋಡಿ. ಸ್ಕ್ರಿಪ್ಟಿನಲ್ಲಿ ತಾರೀಖನ್ನು ಓದುವ ಜಾಗದಲ್ಲಿ ಆಯಾ ಫೈಲಿನ ಸಮಯವನ್ನೇ ಕೇಳಿಕೊಳ್ಳುವಂತೆ ಬರೆದರೆ ಈ ಜಾರುವಿಕೆ ನಿಲ್ಲುತ್ತದೆ:

```javascript
function dayKey(v, file) {
  if (v instanceof Date) {
    return Utilities.formatDate(
      v, file.getSpreadsheetTimeZone(), 'yyyy-MM-dd');
  }
  return 'TEXT: ' + v;
}
```

ಕೊನೆಯ ಸಾಲು ನೋಡಿ. ತಾರೀಖಲ್ಲದೆ ಅಕ್ಷರ ಸಿಕ್ಕರೆ ನುಂಗಿ ಸುಮ್ಮನಾಗದೆ `TEXT` ಅಂತ ಹೇಳುತ್ತದೆ. ಅದನ್ನು `console.log`ಗೆ ಕೊಟ್ಟರೆ `Executions` ಪುಟದಲ್ಲೇ ಯಾವ ತರಗತಿ, ಯಾವ ಸಾಲು ಅಂತ ಕಾಣುತ್ತದೆ. ಮೊದಲೇ ಇದನ್ನು ಬರೆದಿದ್ದರೆ 13ರ ರಾತ್ರಿಯೇ 8ಸಿ ಸಿಕ್ಕಿಬೀಳುತ್ತಿತ್ತು.

ಸ್ಕ್ರಿಪ್ಟ್ ಓಡಿಯೇ ಇಲ್ಲ ಅಂದರೆ `Triggers` ಪುಟದಲ್ಲಿ ಅದನ್ನು ಎಬ್ಬಿಸುವ ಟ್ರಿಗರ್ ಯಾರ ಖಾತೆಯದ್ದು ಅಂತ ನೋಡಿ. ಟ್ರಿಗರ್ ಇಟ್ಟವರ ಖಾತೆಯ ಹೆಸರಿನಲ್ಲೇ ಅದು ಓಡುತ್ತದೆ. ಅವರು ವರ್ಗವಾಗಿ ಹೋಗಿ ಖಾತೆ ಮುಚ್ಚಿದರೆ, ಅಥವಾ ಫೈಲ್‌ಗಳ ಅನುಮತಿ ತೆಗೆದರೆ, ಅದೂ ನಿಲ್ಲುತ್ತದೆ. ಶಾಲೆಯ ಖಾತೆಯಿಂದಲೇ ಟ್ರಿಗರ್ ಇಡಿ, ನಿಮ್ಮ ಸ್ವಂತ ಖಾತೆಯಿಂದ ಬೇಡ.

ಮೊತ್ತದಲ್ಲಿ ಒಂದು ತರಗತಿಯಷ್ಟೇ ಕಡಿಮೆ

ಇದು ಸಣ್ಣದು, ಆದರೆ ಕನ್ನಡದ ಕೀಲಿಮಣೆ ಬಳಸುವ ಕಡೆ ಬಂದೇ ಬರುತ್ತದೆ. `Log`ನಲ್ಲಿ ಏಳೂ ಸಾಲು ಇವೆ, ಆದರೂ ಹಾಜರಾದವರ ಮೊತ್ತದಲ್ಲಿ ಸರಿಯಾಗಿ ಒಂದು ತರಗತಿಯ ಸಂಖ್ಯೆಯಷ್ಟು ಕಡಿಮೆ. ನಮ್ಮ ಕನ್ನಡ ಮೇಷ್ಟ್ರು ಮೊಬೈಲಿನಲ್ಲಿ 38 ಎಂದು ಒತ್ತುವ ಬದಲು ೩೮ ಎಂದು ಒತ್ತಿದ್ದರು. ನಮಗೆ ಎರಡೂ ಒಂದೇ, ಶೀಟಿಗೆ ೩೮ ಬರೀ ಅಕ್ಷರ. `SUM` ಅಂಥದ್ದನ್ನು ತಕರಾರಿಲ್ಲದೆ ದಾಟಿ ಹೋಗುತ್ತದೆ. ಸಂಖ್ಯೆಯ ಕಾಲಂಗಳಿಗೆ `Data validation` ಇಟ್ಟು ಸೊನ್ನೆಯಿಂದ ದಾಖಲಾತಿವರೆಗಿನ ಸಂಖ್ಯೆ ಬಿಟ್ಟು ಬೇರೇನನ್ನೂ ತೆಗೆದುಕೊಳ್ಳದಂತೆ ಮಾಡಿದೆ. ಮೇಷ್ಟ್ರಿಗೆ ಸ್ವಲ್ಪ ಬೇಸರವಾಯಿತು, ಅದು ನ್ಯಾಯವೇ.

ಡ್ಯಾಶ್‌ಬೋರ್ಡ್ ಬಾಯಿ ಬಿಡುವಂತೆ

ಇಷ್ಟೆಲ್ಲ ಆದ ಮೇಲೆ ಮೇಡಂ ನೋಡುವ ಪುಟದಲ್ಲಿ ಎರಡೇ ಬದಲಾವಣೆ ಮಾಡಿದೆ. ಮೊದಲನೆಯದು ಛೇದ. 312 ಅನ್ನುವ ಸಂಖ್ಯೆಯನ್ನು ತೆಗೆದು, ಆ ದಿನ ಲೆಕ್ಕ ಬಂದ ತರಗತಿಗಳ ದಾಖಲಾತಿಯನ್ನಷ್ಟೇ ಕೂಡುವಂತೆ ಮಾಡಿದೆ. `Log`ನ A ಕಾಲಂ ತಾರೀಖು, C ದಾಖಲಾತಿ, D ಹಾಜರಿ, `B1` ಮೇಡಂ ನೋಡುತ್ತಿರುವ ದಿನ:

```
=SUMIFS(Log!D:D,Log!A:A,B1)/SUMIFS(Log!C:C,Log!A:A,B1)
=COUNTIFS(Log!A:A,B1)&" / 7"
```

ಎರಡನೆಯ ಸೂತ್ರ ಶೇಕಡಾವಾರಿನ ಕೆಳಗೇ ದಪ್ಪ ಅಕ್ಷರದಲ್ಲಿ ನಿಂತಿದೆ. 7 / 7 ಅಂತ ಇದ್ದರೆ ಆ ಶೇಕಡಾವಾರು ಇಡೀ ಶಾಲೆಯದ್ದು. 6 / 7 ಅಂತ ಇದ್ದರೆ ಆರು ತರಗತಿಯದ್ದು, ಒಂದರ ಲೆಕ್ಕ ಬಂದಿಲ್ಲ. ಹಿಂದೆ ಅಲ್ಲಿ "ಕೊನೆಯದಾಗಿ ನವೀಕರಿಸಿದ್ದು ನಿನ್ನೆ ರಾತ್ರಿ 8.24" ಅಂತ ಮಾತ್ರ ಇತ್ತು. ಅದು ಸ್ಕ್ರಿಪ್ಟ್ ಎದ್ದ ಸಮಯ, ಲೆಕ್ಕ ಬಂದದ್ದಕ್ಕೆ ಸಾಕ್ಷಿಯಲ್ಲ. ಎರಡು ವಾರ ಆ ಸಮಯ ದಿನಾ ಸರಿಯಾಗಿ ಬದಲಾಗುತ್ತಿದ್ದದ್ದೇ ನಮ್ಮನ್ನು ನಂಬಿಸಿತ್ತು.

ತಾರೀಖನ್ನು ಟೀಚರ್‌ಗಳ ಕೈಯಲ್ಲಿ ಬರೆಸುವುದನ್ನೇ ಆಮೇಲೆ ನಿಲ್ಲಿಸಿದೆ. ಮೊದಲು ಒಂದು ಕಾವಲು ಇಟ್ಟು ನೋಡಿದ್ದೆ:

```
=AND(ISNUMBER(A2),A2<=TODAY(),A2>=TODAY()-7)
```

ತಾರೀಖಿನ ಕಾಲಂಗೆ ಇದನ್ನು `Data validation`ನ `Custom formula` ಆಗಿ ಕೊಟ್ಟರೆ ಫೆಬ್ರವರಿಯೂ ಡಿಸೆಂಬರೂ ಒಳಗೆ ಬರುವುದಿಲ್ಲ. ಬರೀ `Is valid date` ಅಂತ ಇಟ್ಟರೆ ಸಾಲದು, ಫೆಬ್ರವರಿ 6 ಕೂಡ ಸರಿಯಾದ ತಾರೀಖೇ. ಇದು ಕೆಲಸ ಮಾಡಿತು, ಆದರೆ ಸಂಜೆ ಬಸ್ಸಿನ ಅವಸರದಲ್ಲಿರುವವರಿಗೆ ಕೆಂಪು ಎಚ್ಚರಿಕೆ ಬಂದರೆ ಫೈಲ್ ಮುಚ್ಚಿ ಹೊರಟುಬಿಡುತ್ತಿದ್ದರು. ಹಾಗಾಗಿ ವರ್ಷದ ಎಲ್ಲ ತಾರೀಖುಗಳನ್ನೂ ನಾನೇ ಮೊದಲು ತುಂಬಿಸಿ ಆ ಕಾಲಂಗೆ ಬೀಗ ಹಾಕಿದೆ. ಅವರು ತಮ್ಮ ಸಾಲು ಹುಡುಕಿ ಸಂಖ್ಯೆ ಹಾಕಿದರೆ ಆಯಿತು.

ಅದರಿಂದ ಹೊಸದೊಂದು ಗೊಂದಲ ಹುಟ್ಟಿತು. ಜುಲೈನಲ್ಲಿ ಜೋರು ಮಳೆ ಬಂದು ಜಿಲ್ಲಾಧಿಕಾರಿಗಳು ಹಿಂದಿನ ರಾತ್ರಿಯೇ ರಜೆ ಘೋಷಿಸಿದ್ದರು. ತಾರೀಖಿನ ಸಾಲು ಇದೆ, ಸಂಖ್ಯೆ ಇಲ್ಲ. ಡ್ಯಾಶ್‌ಬೋರ್ಡ್ ಏಳೂ ತರಗತಿಗೆ ಲೆಕ್ಕ ಬಂದಿಲ್ಲ ಅಂತ ಕೂಗಿತು. ಈಗ `Raje` ಎಂಬ ಪುಟ್ಟ ಹಾಳೆ ಇದೆ. ರಜೆ ಬಂದ ದಿನ ಗುಮಾಸ್ತರು ಅಲ್ಲಿ ತಾರೀಖು ಹಾಕುತ್ತಾರೆ, ಆ ದಿನದ ಎದುರು "ರಜೆ" ಅಂತ ಬರುತ್ತದೆ. ಖಾಲಿ ಕೋಶಕ್ಕೆ ಈಗ ಎರಡು ಅರ್ಥ: ರಜೆ, ಅಥವಾ ಲೆಕ್ಕ ಬಂದಿಲ್ಲ. ಮಗು ಬಂದಿಲ್ಲ ಅನ್ನುವ ಅರ್ಥ ಖಾಲಿ ಕೋಶಕ್ಕೆ ಇಲ್ಲವೇ ಇಲ್ಲ.

ಹಿಡಿಯಲಾಗದ ತಪ್ಪೂ ಇದೆ. ಪುಸ್ತಕ ನೋಡದೆ ನಿನ್ನೆಯ ಸಂಖ್ಯೆಯನ್ನೇ ಇವತ್ತೂ ಹಾಕಿದರೆ ತಾರೀಖು ಸರಿ, ಸಂಖ್ಯೆ ಸರಿ, ಸ್ಕ್ರಿಪ್ಟಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ಮೇಡಂ ಆವತ್ತು ಮಾಡಿದ ಉಪಾಯವನ್ನೇ ಪುಟಕ್ಕೆ ಸೇರಿಸಿದೆ. ಅಡುಗೆಯವರ ಪುಸ್ತಕದಿಂದ ಉಂಡವರ ಸಂಖ್ಯೆಯನ್ನು ಗುಮಾಸ್ತರು ಪಕ್ಕದ ಕಾಲಂನಲ್ಲಿ ಹಾಕುತ್ತಾರೆ. ಡಬ್ಬಿ ತರುವ ಮಕ್ಕಳಿದ್ದಾರೆ, ಉಪವಾಸದ ದಿನಗಳಿವೆ, ಹಾಗಾಗಿ ಉಂಡವರು ಬಂದವರಿಗಿಂತ ಕಡಿಮೆ ಇದ್ದರೆ ಏನೂ ಆಗುವುದಿಲ್ಲ. ಬಂದವರಿಗಿಂತ ಉಂಡವರು ಹೆಚ್ಚಾದ ದಿನ ಮಾತ್ರ ಆ ಕೋಶ ಕೆಂಪಾಗುತ್ತದೆ, ಮೇಡಂ ಜವಾನನನ್ನು ಕಳಿಸುತ್ತಾರೆ.